ಮೆಂಬರ್‌ಶಿಪ್ ಮೂರು ತಿಂಗಳು ಫ್ರೀಜ್ ಮಾಡಲು ಕೋರಿ ಪತ್ರ

ಹೈದರಾಬಾದ್
28 ನವೆಂಬರ್ 2025

ಜಿಮ್ ಮಾಲೀಕರಿಗೆ,
ಸ್ಟೇಷನ್ ರಸ್ತೆ, ರಾಯಚೂರು

ವಿಷಯ: ಮೆಂಬರ್ ನಂ. 412, ವಾರ್ಷಿಕ ಮೆಂಬರ್‌ಶಿಪ್ ಅನ್ನು 1 ಡಿಸೆಂಬರ್ 2025ರಿಂದ 28 ಫೆಬ್ರವರಿ 2026ರವರೆಗೆ ಫ್ರೀಜ್ ಮಾಡುವ ಬಗ್ಗೆ

ಸರ್, ನಮಸ್ಕಾರ.

ನಾನು ಬೆಳಗಿನ ಐದೂವರೆ ಬ್ಯಾಚಿನ ಮಲ್ಲಿಕಾರ್ಜುನ. ಗಂಜ್‌ನಲ್ಲಿ ಹತ್ತಿ ಅಡತ್ ಅಂಗಡಿಯ ಲೆಕ್ಕ ಬರೆಯುವವನು. ಈ ಪತ್ರ ನಾನು ಹೇಳಿದ್ದು, ಬರೆದವಳು ತಂಗಿ ಸುಜಾತಾ. ನನ್ನ ಕೈಯಲ್ಲಿ ಸದ್ಯ ಪೆನ್ನು ನಿಲ್ಲುವುದಿಲ್ಲ. ಕೆಳಗಿನ ಹೆಬ್ಬೆಟ್ಟು ಮಾತ್ರ ನನ್ನದು. ಬಿ.ಕಾಂ ಓದಿದವನು ಹೆಬ್ಬೆಟ್ಟು ಒತ್ತಿದ್ದಾನೆಂದು ನಗಬೇಡಿ.

ನಾನು ಕೊನೆಯ ಸಲ ಜಿಮ್‌ಗೆ ಬಂದದ್ದು ನವೆಂಬರ್ 12ರ ಬುಧವಾರ. ಅದಕ್ಕೂ ಎರಡು ವಾರ ಮೊದಲು ಹೊಟ್ಟೆ ಕೆಟ್ಟು ಮೂರು ದಿನ ಮಲಗಿದ್ದೆ, ನಿಮಗೆ ನೆನಪಿರಬಹುದು. ಅವತ್ತು ಸ್ಕ್ವಾಟ್ ಮುಗಿಸಿ ಕೆಳಗಿಳಿಯುವಾಗ ಮೆಟ್ಟಿಲ ಮೇಲೆ ಎರಡು ಸಲ ಮೊಣಕಾಲು ಮಡಚಿಕೊಂಡವು. ಲೆಗ್ ಡೇ ಜೋರಾಯಿತು ಎಂದುಕೊಂಡು ಸುಮ್ಮನಾದೆ. ಮಾರನೇ ದಿನ ಗಾಡಿಗೆ ಕಿಕ್ ಹೊಡೆಯಲು ಆಗಲಿಲ್ಲ. ಅದರ ಮರುದಿನ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. 15ಕ್ಕೆ ತಮ್ಮ ನನ್ನನ್ನು ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಿಕೊಂಡು ಶಕ್ತಿನಗರದ ಸೇತುವೆ ದಾಟಿ ಇಲ್ಲಿಗೆ ಕರೆತಂದ.

ಕಾಯಿಲೆಯ ಹೆಸರು ಗಿಲಾನ್-ಬಾರೆ ಸಿಂಡ್ರೋಮ್, ಡಾಕ್ಟರುಗಳು ಜಿಬಿಎಸ್ ಎನ್ನುತ್ತಾರೆ. ಸೋಂಕಿನ ಮೇಲೆ ಕಾದಾಡಲು ಎದ್ದ ಮೈಯೊಳಗಿನ ಪಡೆ ದಾರಿ ತಪ್ಪಿ ನಮ್ಮದೇ ನರಗಳ ಮೇಲೆ ಬೀಳುತ್ತದಂತೆ. ಕಾಲಿನಿಂದ ಶುರುವಾಗಿ ಮೇಲಕ್ಕೆ ಹತ್ತುತ್ತದೆ. ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ, ಆದ್ದರಿಂದ ನಾನು ಮುಟ್ಟಿದ ಡಂಬೆಲ್‌ಗಳ ಬಗ್ಗೆ ಯಾರೂ ಗಾಬರಿಯಾಗುವುದು ಬೇಡ. ಇನ್ನೊಂದು ಮಾತು. ನಾನು ಕುಡಿಯುತ್ತಿದ್ದ ಪ್ರೋಟೀನ್ ಪೌಡರ್‌ನಿಂದಲೇ ಹೀಗಾಯಿತು ಎಂದು ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಹಾಕಿದ್ದಾರೆ. ನಾನು ಡಾಕ್ಟರನ್ನು ಕೇಳಿಯೇ ಬಿಟ್ಟೆ. ಪೌಡರ್‌ಗೂ ಇದಕ್ಕೂ ಸಂಬಂಧವಿಲ್ಲ, ಹೊಟ್ಟೆಯ ಸೋಂಕಿನ ಮೇಲೆಯೇ ಅವರ ಅನುಮಾನ. ಪೌಡರ್ ಕೊಡಿಸಿದ್ದು ನಮ್ಮ ಟ್ರೈನರ್, ಅವರ ಮೇಲೆ ಸುಮ್ಮನೆ ಮಾತು ಬರಬಾರದು.

ಐದು ದಿನ ಇಮ್ಯುನೊಗ್ಲೋಬ್ಯುಲಿನ್ ಕೊಟ್ಟರು. ಅದನ್ನು ತೂಕದ ಮೇಲೆ ಲೆಕ್ಕ ಹಾಕುತ್ತಾರೆ: ಒಟ್ಟು ಕೋರ್ಸಿಗೆ ಕೆಜಿಗೆ 2 ಗ್ರಾಂ. ನಿಮ್ಮ ಜಿಮ್‌ಗೆ ಸೇರಿದಾಗ ನಾನು 71 ಕೆಜಿ, ಈಗ 82. ಕಷ್ಟಪಟ್ಟು ಏರಿಸಿದ ಆ ಹನ್ನೊಂದು ಕೆಜಿಗೆ ಇಲ್ಲಿ 22 ಗ್ರಾಂ ಹೆಚ್ಚಿಗೆ ಔಷಧಿ ಬಿಲ್ಲಾಯಿತು. (ಇದನ್ನು ಬರೆಸುವಾಗ ಸುಜಾತಾಳಿಗೆ ನಗು ಬರಲಿಲ್ಲ. ಬಿಲ್ ಕಟ್ಟಿದವಳು ಅವಳು.)

ಉಸಿರಾಟದ ಸ್ನಾಯುಗಳಿಗೂ ಬರುತ್ತದೋ ಎಂದು ನೋಡಲು ಐಸಿಯುನಲ್ಲಿ ದಿನಕ್ಕೆ ಹಲವು ಸಲ ಒಂದೇ ಉಸಿರಿನಲ್ಲಿ ಎಣಿಸಲು ಹೇಳುತ್ತಿದ್ದರು. ನರ್ಸಮ್ಮ ತೆಲುಗಿನಲ್ಲಿ ಬೆರಳು ಮಡಚುತ್ತಿದ್ದಳು, ನಾನು ಕನ್ನಡದಲ್ಲಿ ಒಂದು, ಎರಡು ಎನ್ನುತ್ತಿದ್ದೆ. ಒಂದು ರಾತ್ರಿ ಹದಿನಾಲ್ಕಕ್ಕೇ ನಿಂತಿತು. ಮೆಷಿನ್ ತಂದು ಪಕ್ಕದಲ್ಲಿಟ್ಟರು. ಪುಣ್ಯಕ್ಕೆ ಹಾಕುವ ಪ್ರಸಂಗ ಬರಲಿಲ್ಲ. ನಿನ್ನೆ ಮೂವತ್ತೊಂದು ಎಣಿಸಿದೆ, ವಾರ್ಡಿಗೆ ತಂದಿದ್ದಾರೆ. ಇನ್ನು ವಾರ್ಡು, ಆಮೇಲೆ ಇದೇ ಆಸ್ಪತ್ರೆಯ ರಿಹ್ಯಾಬ್ ವಿಭಾಗ, ಎಲ್ಲಾ ಸೇರಿ ಫೆಬ್ರವರಿ ಕೊನೆಯವರೆಗೆ ಇರಬೇಕಾಗುತ್ತದೆ ಎಂದು ಬರೆದು ಕೊಟ್ಟಿದ್ದಾರೆ. ಆ ಸರ್ಟಿಫಿಕೇಟನ್ನು ಪತ್ರದ ಜೊತೆ ಇಟ್ಟಿದ್ದೇನೆ.

ಈಗ ವಿಷಯಕ್ಕೆ ಬರುತ್ತೇನೆ. ನಾನು ಆಗಸ್ಟ್ 10ರಂದು ವರ್ಷದ ಫೀ 12,000 ರೂಪಾಯಿ ಒಟ್ಟಿಗೇ ಕಟ್ಟಿದ್ದೇನೆ. ಅವಧಿ 9 ಆಗಸ್ಟ್ 2026ಕ್ಕೆ ಮುಗಿಯುತ್ತದೆ. ತಮ್ಮ ಫೋನ್ ಮಾಡಿದಾಗ ರಿಸೆಪ್ಷನ್‌ನಲ್ಲಿ, ವರ್ಷಕ್ಕೆ ಒಂದು ಸಲ, 30 ದಿನ ಮಾತ್ರ ಫ್ರೀಜ್ ಮಾಡುತ್ತೇವೆ ಎಂದರಂತೆ. ನಿಜ, ರಸೀದಿಯ ಹಿಂದೆ ಹಾಗೇ ಇದೆ. ಆದರೆ ಅದರ ಕೆಳಗಿನ ಸಾಲಿನಲ್ಲಿ, ಆಸ್ಪತ್ರೆಯ ಕಾರಣವಿದ್ದರೆ ಡಾಕ್ಟರ್ ಪತ್ರ ನೋಡಿ ಮಾಲೀಕರು ತೀರ್ಮಾನಿಸುತ್ತಾರೆ ಎಂದೂ ಇದೆ. ಸುಜಾತಾ ರಸೀದಿ ಹುಡುಕಿ ಓದಿ ಹೇಳಿದಳು. ಆ ಸಾಲಿನ ಆಧಾರದ ಮೇಲೆ ನಾನು 90 ದಿನ ಕೇಳುತ್ತಿದ್ದೇನೆ. ಒಪ್ಪಿದರೆ ನನ್ನ ಅವಧಿ 7 ನವೆಂಬರ್ 2026ಕ್ಕೆ ಹೋಗುತ್ತದೆ. ದಯವಿಟ್ಟು ಆ ತಾರೀಖನ್ನೇ ಬರೆದು ತಿಳಿಸಿ. "ಆಯ್ತು ನೋಡೋಣ" ಎಂದರೆ ನನ್ನಂಥ ಲೆಕ್ಕದವನಿಗೆ ನಿದ್ದೆ ಬರುವುದಿಲ್ಲ.

ನವೆಂಬರ್ 13ರಿಂದ 30ರವರೆಗಿನ ಹದಿನೆಂಟು ದಿನ ನಾನು ಕೇಳುವುದಿಲ್ಲ. ಮೊದಲೇ ತಿಳಿಸಬೇಕೆಂಬುದು ನಿಯಮ, ನಾನು ತಿಳಿಸಿಲ್ಲ, ಅವು ಹೋದವು. ಫ್ರೀಜ್ ಫೀ ತಿಂಗಳಿಗೆ 200ರಂತೆ ಮೂರು ತಿಂಗಳಿಗೆ 600 ರೂಪಾಯಿ ನೀವು ಹೂಂ ಎಂದ ದಿನವೇ ತಮ್ಮ ಫೋನ್‌ಪೇ ಮಾಡುತ್ತಾನೆ. ಮಾರ್ಚ್ 1ಕ್ಕೆ ನಾನು ಬರಲಿ ಬಿಡಲಿ, ಮೆಂಬರ್‌ಶಿಪ್ ತಾನಾಗಿಯೇ ಶುರುವಾಗಲಿ. ಇನ್ನೂ ಮುಂದೂಡಿ ಎಂದು ಮತ್ತೆ ಬೇಡುವುದಿಲ್ಲ.

ಪರ್ಸನಲ್ ಟ್ರೈನಿಂಗ್‌ಗೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ 9,000 ಕಟ್ಟಿದ್ದೆ. ಅದರಲ್ಲಿ ಡಿಸೆಂಬರ್‌ನ 3,000ವನ್ನು ಮಾರ್ಚ್‌ಗೆ ಹಾಕಿಕೊಳ್ಳಿ. ನವೆಂಬರ್‌ನದಕ್ಕೆ ಕೈ ಹಚ್ಚಬೇಡಿ. ನಾನು ಬರದಿದ್ದರೂ ಟ್ರೈನರ್ ಒಂದು ವಾರ ಐದೂವರೆಗೆ ದಾರಿ ಕಾಯ್ದಿದ್ದಾರೆ, ಅವರ ದುಡ್ಡು ಅವರಿಗೆ ಸೇರಲಿ.

ಲಾಕರ್ 17 ಖಾಲಿ ಮಾಡುತ್ತೇನೆ, ಬೇರೆಯವರಿಗೆ ಕೊಡಿ. ಕೀಲಿ ತೆಗೆದುಕೊಂಡು ತಮ್ಮ ಭಾನುವಾರ ಬರುತ್ತಾನೆ. ಶೂ, ಬೆಲ್ಟು, ಟವೆಲ್ ಅವನ ಕೈಗೆ ಕೊಡಿ. ಅದರಲ್ಲಿ ಒಂದು ನೀಲಿ ಶೇಕರ್ ಬಾಟಲಿಯೂ ಇದೆ, 12ನೇ ತಾರೀಖಿನ ಪ್ರೋಟೀನ್ ಅರ್ಧ ಹಾಗೇ ಉಳಿದಿರಬೇಕು. ಅದರ ಮುಚ್ಚಳ ಯಾರೂ ತೆಗೆಯಬೇಡಿ, ಹಾಗೇ ಕಸಕ್ಕೆ ಹಾಕಿ.

ಬಂದ ಮೇಲೆ ಭಾರ ಎತ್ತುವ ಮಾತಿಲ್ಲ. ಮೈ ದಣಿಯುವ ಮೊದಲೇ ನಿಲ್ಲಿಸಬೇಕೆಂದು ಫಿಜಿಯೊ ಈಗಲೇ ತಾಕೀತು ಮಾಡಿದ್ದಾರೆ. ಅವರು ಬರೆದು ಕೊಡುವ ಚಾರ್ಟನ್ನು ಟ್ರೈನರ್ ಕೈಗೆ ಕೊಡುತ್ತೇನೆ. ನಮ್ಮ ವಸ್ತಾದರು ತಾಲೀಮಿನಲ್ಲಿ ಹೊಸ ಹುಡುಗರಿಗೆ ಮೊದಲು ತಿಂಗಳುಗಟ್ಟಲೆ ಮಣ್ಣು ಹದ ಮಾಡಲು ಹಚ್ಚುತ್ತಿದ್ದರು ಎಂದು ನೀವೇ ಹೇಳುತ್ತಿದ್ದಿರಿ. ನನ್ನದೂ ಅದೇ ಲೆಕ್ಕ ಎಂದುಕೊಳ್ಳಿ. ಇವತ್ತಿನ ನನ್ನ ವ್ಯಾಯಾಮ ಏನೆಂದರೆ, ಮಡಚಿದ ಕರವಸ್ತ್ರವನ್ನು ಮೇಜಿನ ಮೇಲೆ ಬೆರಳಿನಿಂದ ಬಿಡಿಸುವುದು. ನಾಲ್ಕು ಮಡಿಕೆಯಲ್ಲಿ ಮೂರು ಬಿಡಿಸಿದೆ.

ಉತ್ತರವನ್ನು ತಮ್ಮನ ನಂಬರಿಗೇ ವಾಟ್ಸಾಪ್ ಮಾಡಿ, ರಿಜಿಸ್ಟರ್‌ನಲ್ಲಿ ತುರ್ತು ಸಂಪರ್ಕದ ಕಡೆ ಅವನದೇ ಇದೆ. ಸೋಮವಾರದಿಂದ ಡಿಸೆಂಬರ್ ಲೆಕ್ಕ ಶುರು, ಅಷ್ಟರೊಳಗೆ ತಿಳಿಸಿದರೆ ಉಪಕಾರ.

ಇತಿ ನಿಮ್ಮ,
ಮಲ್ಲಿಕಾರ್ಜುನ (ಎಡಗೈ ಹೆಬ್ಬೆಟ್ಟಿನ ಗುರುತು)
ಬರೆದವಳು: ಸುಜಾತಾ, ತಂಗಿ

ಲಗತ್ತು: ಆಸ್ಪತ್ರೆಯ ಸರ್ಟಿಫಿಕೇಟ್, ಆಗಸ್ಟ್ 10ರ ರಸೀದಿಯ ಎರಡೂ ಬದಿಯ ಜೆರಾಕ್ಸ್