ಒಗೆಯುವ ಕಲ್ಲು

ಆ ತಿಂಗಳ ಕೊನೆಗೆ ಮಾಣಿಕಪ್ಪನ ಕೋಲು, ಬ್ಯಾಟರಿ, ಪಹರೆ ಪುಸ್ತಕ ಮೂರೂ ಇಮ್ರಾನನ ಕೈಗೆ ಹೋಗುವುದಿತ್ತು. "ಒಂದು ವಾರ ಜೊತೆಗಿಟ್ಟುಕೊಂಡು ದಾರಿ ತೋರಿಸು" ಎಂದು ಗುತ್ತಿಗೆದಾರ ಹುಡುಗನನ್ನು ಕಳುಹಿಸಿದ್ದ. ಬೀದರ್ ಕೋಟೆಯ ದಾರಿ ಕಲಿಯಲು ಒಂದು ವಾರ ಧಾರಾಳವಾಯಿತು. ಮಾಣಿಕಪ್ಪ ಕಲಿಸಹೊರಟಿದ್ದು ಕಲ್ಲುಗಳನ್ನು.

"ಇಲ್ಲಿ ಬ್ಯಾಟರಿ ಬಿಡು, ತಮ್ಮಾ" ಎಂದ ಶರ್ಜಾ ದರ್ವಾಜದ ಕೆಳಗೆ ನಿಂತು. ಬೆಳಕು ಮೇಲೇರಿ ಕಲ್ಲಿನ ಹುಲಿಯ ಮೇಲೆ ಕುಳಿತಿತು. "ಎರಡಿವೆ. ಬಾಗಿಲು 1503ರದ್ದು. ಆ ಹೊತ್ತಿಗೆ ಸುಲ್ತಾನನ ಮಾತು ಈ ಬಾಗಿಲಿನಾಚೆ ಎಷ್ಟು ನಡೆಯುತ್ತಿತ್ತೋ ದೇವರೇ ಬಲ್ಲ. ಹುಲಿಗಳನ್ನು ಮಾತ್ರ ಜೋರಾಗಿಯೇ ಕೆತ್ತಿಸಿದ್ದಾನೆ."

ಇಮ್ರಾನ್ ನಕ್ಕ. ಸಂಜೆ ಕಾಲೇಜಿಗೆ ಹೋಗುವ ಹುಡುಗ. ರಾತ್ರಿ ಪಾಳಿಯಲ್ಲಿ ಓದಿಕೊಳ್ಳಬಹುದೆಂಬ ಲೆಕ್ಕದಲ್ಲಿ ಬಂದಿದ್ದ. ಚೀಲದಲ್ಲಿ ಪುಸ್ತಕವಿತ್ತು. ಮಾಣಿಕಪ್ಪ ಅದನ್ನು ಹೊರತೆಗೆಯಲು ಬಿಟ್ಟಿರಲಿಲ್ಲ.

ಕಂದಕದ ಅಂಚಿನಲ್ಲಿ ಮುದುಕ ಹೆಚ್ಚು ಹೊತ್ತು ನಿಂತ. ಬಂಡೆಯನ್ನೇ ಕಡಿದು ಮೂರು ಸಾಲಾಗಿ ತೆಗೆದ ಕಂದಕ. ನಡುವೆ ಗೋಡೆಯಂತೆ ಬಂಡೆಯನ್ನು ಹಾಗೆಯೇ ಉಳಿಸಿದ್ದಾರೆ. ಅಹ್ಮದ್ ಷಾ ಕಲಬುರಗಿಯನ್ನು ಬಿಟ್ಟು ರಾಜಧಾನಿಯನ್ನು ಇಲ್ಲಿಗೆ ತಂದು, 1432ರ ಹೊತ್ತಿಗೆ ಈ ಕೋಟೆಯನ್ನು ಮುಗಿಸಿದ್ದನ್ನು ಮಾಣಿಕಪ್ಪ ತಾನೇ ಮೇಸ್ತ್ರಿಯಾಗಿದ್ದವನ ಹಾಗೆ ಹೇಳಿದ. "ನಮ್ಮ ಕೆಂಪು ಕಲ್ಲು ನೆಲದಿಂದ ಕಡಿದಾಗ ಮೆತ್ತಗಿರುತ್ತದೆ. ಗಾಳಿ ಬಿಸಿಲು ತಾಗಿದಂತೆ ಗಟ್ಟಿಯಾಗುತ್ತದೆ. ಮೈತುಂಬ ತೂತು ನೋಡಿ ಹುಳುಕು ಎಂದುಕೊಳ್ಳಬೇಡ."

ರಂಗೀನ್ ಮಹಲ್‌ನ ಬೀಗವನ್ನು ಎರಡು ಸಲ ಎಳೆದು ನೋಡಿದ. ಒಳಗೆ ಕಾಡಿಗೆಯಂಥ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಬಳ್ಳಿಗಳಿವೆ, ಅಲಿ ಬರೀದನ ಕಾಲದ ಕೆಲಸ. ಹಗಲು ಬಂದವರೆಲ್ಲ ಅದನ್ನೇ ಕೇಳುತ್ತಾರೆ. ಅದಕ್ಕೇ ಏನೋ ಮಾಣಿಕಪ್ಪನಿಗೆ ಅದರ ಮೇಲೆ ಅಂಥ ಮಮತೆಯಿರಲಿಲ್ಲ. ಹಾಳು ಬಿದ್ದ ಒಂದು ಕೋಣೆಯ ಮೂಲೆಯಲ್ಲಿ ಮಾತ್ರ ಅವನು ಮಂಡಿಯೂರಿದ. ಒಂದು ಚಿಟಿಕೆ ಮಣ್ಣು ಎತ್ತಿ ಹುಡುಗನ ಅಂಗೈಗೆ ಹಾಕಿದ.

"ನಾಲಿಗೆಗೆ ಹಚ್ಚು."

"ಕಾಕಾ!"

"ಹಚ್ಚು. ಬಿದರಿ ಕೆಲಸದ ಉಸ್ತಾದರು ಹೀಗೆಯೇ ಪರೀಕ್ಷೆ ಮಾಡುತ್ತಾರೆ."

ಮಣ್ಣು ಚುರುಕ್ಕೆಂದಿತು. ಇಮ್ರಾನ್ ಉಗುಳಿ ಬಾಯಿ ಒರೆಸಿಕೊಂಡ. ಬೆಳ್ಳಿ ಕೂರಿಸಿ ಉಜ್ಜಿದ ಹೂಜಿಯನ್ನು ಈ ಮಣ್ಣು, ನವಸಾಗರ ಹಾಕಿ ಕಾಯಿಸಿದ ನೀರಿನಲ್ಲಿ ಅದ್ದಿದರೆ ಸತುವೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಳೆ ಬಿಸಿಲು ಕಾಣದ ಹಳೆಯ ಮಣ್ಣೇ ಬೇಕು. "ಅವರು ಕೇಳಿಕೊಂಡು ಬಂದರೆ ಏನು ಮಾಡಬೇಕು?" ಎಂದ ಇಮ್ರಾನ್. ಮಾಣಿಕಪ್ಪ ಅದಕ್ಕೆ ಉತ್ತರ ಕೊಡದೆ ಮುಂದೆ ನಡೆದ.

ದಾರಿಯುದ್ದಕ್ಕೂ ಅವನ ಬಾಯಿಗೆ ಬಿಡುವಿರಲಿಲ್ಲ. 1657ರಲ್ಲಿ ಔರಂಗಜೇಬ ಮುತ್ತಿಗೆ ಹಾಕಿದಾಗ ಮದ್ದಿನ ಮನೆ ಸಿಡಿದದ್ದು, ಕೋಟೆ ಕಾಯುತ್ತಿದ್ದ ಸಿದ್ದಿ ಮರ್ಜಾನ್ ಅದರಲ್ಲಿ ಸುಟ್ಟು ಗಾಯಗೊಂಡು ಸತ್ತದ್ದು. "ಅವನೂ ನಮ್ಮ ಹಾಗೆಯೇ ಕಾವಲುಗಾರ. ಪಗಾರ ಸ್ವಲ್ಪ ಹೆಚ್ಚು, ಅಷ್ಟೇ."

ತಖ್ತ್ ಮಹಲ್ ದಾಟಿದ ಮೇಲೆ ಒಂದು ಸಣ್ಣ ಕಮಾನು. ಅದರ ಪಕ್ಕಕ್ಕೆ ಹಗ್ಗ ಹೊಸೆದಂತೆ ಕೆತ್ತಿದ ಕರಿಕಲ್ಲಿನ ಅಂಚು. ಮೊಣಕಾಲೆತ್ತರದಲ್ಲಿ ಒಂದು ಕಲ್ಲಿನಷ್ಟು ಜಾಗ ಖಾಲಿ. ಮಾಣಿಕಪ್ಪ ಅಲ್ಲಿ ತುಟಿಪಿಟಕ್ಕೆನ್ನದೆ ದಾಪುಗಾಲು ಹಾಕಿದ. ಮೊದಲ ರಾತ್ರಿಯೂ ಹಾಗೆಯೇ, ಎರಡನೆಯ ರಾತ್ರಿಯೂ ಹಾಗೆಯೇ. ಮೂರನೆಯ ರಾತ್ರಿ ಇಮ್ರಾನ್ ನಿಂತುಬಿಟ್ಟ.

"ಎಲ್ಲ ಕಲ್ಲಿನ ಜಾತಕ ಹೇಳಿದಿರಿ. ಈ ಕಲ್ಲು ಎಲ್ಲಿ ಹೋಯಿತು?"

"ಹೋಯಿತು. ಕೋಟೆಯಲ್ಲಿ ಸಾವಿರ ಕಲ್ಲು ಹೋಗಿವೆ."

"ಸಾವಿರ ಕಲ್ಲಿನ ಹತ್ತಿರ ನೀವು ಹೀಗೆ ಓಡಲಿಲ್ಲ."

ಮಾಣಿಕಪ್ಪ ಕೋಲನ್ನು ಗೋಡೆಗೆ ಆನಿಸಿ, ಬೀಡಿ ಹುಡುಕಿ, ಸೇದದೆ ಜೇಬಿಗೆ ಹಾಕಿದ. ಆಮೇಲೆ ಹೇಳಿದ. ಅವನ ಅಪ್ಪ ಇಲ್ಲೇ ಕೂಲಿ ಮಾಡುತ್ತಿದ್ದ. ಒಂದು ಮಳೆಗಾಲ ಕಮಾನಿನ ಬದಿ ಜರಿದು ಬಿತ್ತು. ಆಗ ಊರಿಗೆ ಊರೇ ಬಿದ್ದ ಕಲ್ಲನ್ನು ಬಂಡಿಯಲ್ಲಿ ಹೇರಿಕೊಂಡು ಹೋಗುತ್ತಿತ್ತು. ಅದನ್ನು ಯಾರೂ ಕಳವು ಎನ್ನುತ್ತಿರಲಿಲ್ಲ. ಅಪ್ಪ ಒಂದೇ ಒಂದು ತಂದ. ಹಿತ್ತಲಲ್ಲಿ ಕೆತ್ತನೆಯ ಮುಖವನ್ನು ಮಣ್ಣಿಗೆ ಕವುಚಿ ಹಾಕಿದ. ಬೆನ್ನು ಸಪಾಟಾಗಿತ್ತು, ಅವ್ವ ಸಾಯುವವರೆಗೂ ಅದರ ಮೇಲೆಯೇ ಬಟ್ಟೆ ಒಗೆದಳು.

"ಈಗ ಮಗ ಮನೆ ಕೆಡವಿ ಸ್ಲ್ಯಾಬ್ ಹಾಕಿಸುತ್ತಿದ್ದಾನೆ. ಮೊನ್ನೆ ಕಲ್ಲನ್ನು ಮಗುಚಿದರು. ಹೂವಿನ ಹಾಗಿದೆ ಕೆತ್ತನೆ. ಹೈದರಾಬಾದಿನವನೊಬ್ಬ ಬಂದು ನೋಡಿ ಹೋಟೆಲಿನ ಅಂಗಳಕ್ಕೆ ಬೇಕೆಂದ. ಬೆಲೆ ಕೇಳಿ ಮಗನ ಕಣ್ಣು ಅರಳಿದೆ."

"ಕಚೇರಿಗೆ ಒಪ್ಪಿಸಿ, ಕಾಕಾ."

"ಒಪ್ಪಿಸಿದರೆ ಪಂಚನಾಮೆಯಾಗುತ್ತದೆ. ಕಾವಲುಗಾರನ ಮನೆಯಲ್ಲಿ ಕೋಟೆಯ ಕಲ್ಲು ಎಂದು ಬರೆದುಕೊಳ್ಳುತ್ತಾರೆ. ಅಪ್ಪ ಸತ್ತಿದ್ದಾನೆ, ಅವನಿಗೇನು? ನಾನಿನ್ನೂ ಈ ಊರಿನಲ್ಲಿ ತಿರುಗಾಡಬೇಕು." ಸ್ವಲ್ಪ ಹೊತ್ತು ಬಿಟ್ಟು ಕೇಳಿದ, "ನಿಮ್ಮ ಭಾವನದು ಟೆಂಪೊ ಇದೆ ಎಂದಿದ್ದೆಯಲ್ಲ?"

ಇಮ್ರಾನ್ ಎರಡು ದಿನ ಅದರ ಮಾತೆತ್ತಲಿಲ್ಲ. ಕೆಲಸಕ್ಕೆ ಸೇರುವ ಮೊದಲೇ ಕೆಲಸ ಹೋಗುವ ದಾರಿ ಅದು. ಕೊನೆಯ ರಾತ್ರಿ ಎರಡು ಗಂಟೆಗೆ ಟೆಂಪೊ ದೀಪವಾರಿಸಿಕೊಂಡು ಬಂತು. ಭಾವ ಗಾಡಿಯಿಂದ ಇಳಿಯಲೇ ಇಲ್ಲ. ಮದುವೆಯಾದಾಗಿನಿಂದ ಇಂಥದ್ದೇ ನಡೆದಿದೆ ಎಂದು ಗೊಣಗುತ್ತ ಕುಳಿತ. ಗೋಣಿಚೀಲ ಸುತ್ತಿದ ಕಲ್ಲನ್ನು ಮುದುಕ, ಹುಡುಗ ಇಬ್ಬರೂ ಹತ್ತು ಹೆಜ್ಜೆಗೊಮ್ಮೆ ಇಳಿಸುತ್ತ ಒಯ್ದರು.

ಗೋಣಿ ಬಿಚ್ಚಿದಾಗ ಕಲ್ಲಿನ ಬೆನ್ನು ಕಂಡಿತು: ನಡುವೆ ತಗ್ಗು, ಬಟ್ಟೆ ಬಡಿದು ಬಡಿದು ಬಿದ್ದದ್ದು. ಇಮ್ರಾನ್ ಅದರ ಮೇಲೆ ಕೈಯಾಡಿಸಿದ, ನುಣುಪಾಗಿತ್ತು. ಬೆನ್ನು ಗೋಡೆಯೊಳಗೆ ಹೋಗುವಂತೆ ತಿರುಗಿಸಿ ತಳ್ಳಿದರು. ಮೊದಲು ಕಚ್ಚಿಕೊಂಡಿತು. ಮಾಣಿಕಪ್ಪ ಒಳಗಿನ ಮಣ್ಣನ್ನು ಬೆರಳಿನಿಂದ ಕೆರೆದು ತೆಗೆದ. ಮತ್ತೆ ತಳ್ಳಿದಾಗ ಕಲ್ಲು ಸರಕ್ಕನೆ ಒಳಗೆ ಕುಳಿತಿತು. ಹಗ್ಗದ ಎಳೆಗೆ ಎಳೆ ಕೂಡಿತು.

ಇಮ್ರಾನ್ ಬ್ಯಾಟರಿ ಬಿಟ್ಟು ನೋಡಿ ತಲೆ ಚಚ್ಚಿಕೊಂಡ. ಮಣ್ಣಿನಲ್ಲಿ ಮುಖ ಹುದುಗಿಸಿ ಮಲಗಿದ್ದ ಕಲ್ಲು ಅಚ್ಚ ಕಪ್ಪಾಗಿತ್ತು. ಅಕ್ಕಪಕ್ಕದವು ಬಿಸಿಲಿಗೆ ಬೂದಿಬಣ್ಣಕ್ಕೆ ತಿರುಗಿದ್ದವು.

"ಕುರುಡನಿಗೂ ಕಾಣುತ್ತದೆ, ಕಾಕಾ. ಯಾರಾದರೂ ಕೇಳಿದರೆ ನಾನೇನು ಹೇಳಲಿ?"

"ಕೇಳುವವರು ಯಾರು? ಅಲ್ಲಿ ಖಾಲಿಯಿದ್ದಾಗಲೇ ನಿನ್ನ ಹೊರತು ಒಬ್ಬನೂ ಕೇಳಲಿಲ್ಲ."

"ಆದರೂ?"

ಮಾಣಿಕಪ್ಪ ಗೋಣಿಯನ್ನು ಮಡಿಸಿ ಬಗಲಿಗೆ ಸಿಕ್ಕಿಸಿಕೊಂಡ. "ಸುಲ್ತಾನರ ಕತೆ ಹೇಳುವುದಕ್ಕೆ ಗೈಡ್‌ಗಳಿದ್ದಾರೆ. ಇದರ ಮೇಲೆ ಮಾಣಿಕಪ್ಪನ ಅವ್ವ ಬಟ್ಟೆ ಒಗೆಯುತ್ತಿದ್ದಳು ಎಂದು ಹೇಳು. ನಂಬಿದರೆ ನಂಬಲಿ."

"ಪಹರೆ ಪುಸ್ತಕದಲ್ಲಿ?"

"ಅದರಲ್ಲಿ ಏನಾದರೂ ಹೋದರೆ ಬರೆಯಬೇಕು ಎಂದಿದೆ. ಬಂದರೆ ಬರೆಯಬೇಕು ಎಂದು ಎಲ್ಲಿಯೂ ಇಲ್ಲ. ಮೊದಲು ನಿಮ್ಮ ಭಾವನನ್ನು ಸಾಗಹಾಕು. ಐದು ಗಂಟೆಯಾದರೆ ವಾಕಿಂಗ್‌ನವರು ಬಂದುಬಿಡುತ್ತಾರೆ."