ಚಾರ್ಜ್ ಹಸ್ತಾಂತರ ಸಭೆಗೆ ಆಹ್ವಾನ: ದಾಸ್ತಾನು ವಿಭಾಗ, ಕಾಫಿ ಸಂಸ್ಕರಣಾ ಘಟಕ, ಚಿಕ್ಕಮಗಳೂರು

ದಿನಾಂಕ: 17 ಅಕ್ಟೋಬರ್ 2025

ಇವರಿಗೆ: ಶ್ರೀಮತಿ ಸವಿತಾ, ನಿಯೋಜಿತ ದಾಸ್ತಾನು ಮೇಲ್ವಿಚಾರಕರು
ಪ್ರತಿ: ಶ್ರೀ ನಾಗರಾಜ್, ದಾಸ್ತಾನು ಮೇಲ್ವಿಚಾರಕರು; ಲೆಕ್ಕಪತ್ರ ವಿಭಾಗ

ವಿಷಯ: ಅಕ್ಟೋಬರ್ 27 ಮತ್ತು 28ರಂದು ನಡೆಯುವ ಚಾರ್ಜ್ ಹಸ್ತಾಂತರ ಸಭೆ

ಮಾನ್ಯ ಸವಿತಾ ಅವರೇ,

ನಮ್ಮ ಘಟಕದಲ್ಲಿ 26 ವರ್ಷಗಳಿಂದ ದಾಸ್ತಾನು ನೋಡಿಕೊಂಡು ಬಂದಿರುವ ನಾಗರಾಜ್ ಅವರು ಇದೇ ಅಕ್ಟೋಬರ್ 31ರಂದು ನಿವೃತ್ತರಾಗುತ್ತಿರುವುದು ನಿಮಗೆ ತಿಳಿದೇ ಇದೆ. ನವೆಂಬರ್ 1 ರಾಜ್ಯೋತ್ಸವದ ರಜೆ, ಮರುದಿನ ಭಾನುವಾರ. ಹಾಗಾಗಿ 3ನೇ ತಾರೀಖು ಸೋಮವಾರ ನೀವು ಒಬ್ಬರೇ ಆ ಮೇಜಿನಲ್ಲಿ ಕೂರಬೇಕಾಗುತ್ತದೆ. ಅಷ್ಟು ಹೊತ್ತಿಗೆ ಅರೇಬಿಕಾ ಹಣ್ಣು ಕೊಯ್ಲು ಶುರುವಾಗುವ ಕಾಲ ಬಂದಿರುತ್ತದೆ. ಮೊದಲ ಲಾರಿ ಗೇಟಿಗೆ ಬರುವ ಮೊದಲೇ ಚಾರ್ಜ್ ಪೂರ್ತಿಯಾಗಿ ನಿಮ್ಮ ಕೈಗೆ ಬಂದಿರಬೇಕೆಂಬ ಉದ್ದೇಶದಿಂದ, ನಾಗರಾಜ್ ಅವರೊಂದಿಗೆ ಕೂತು ಕಡತ, ಗೋದಾಮು ಮತ್ತು ಯಂತ್ರಗಳನ್ನು ಒಟ್ಟಿಗೆ ನೋಡಲು ಎರಡು ದಿನಗಳ ಸಭೆಯನ್ನು ಗೊತ್ತು ಮಾಡಿದ್ದೇನೆ, ದಯವಿಟ್ಟು ಬರಬೇಕು.

ಅಕ್ಟೋಬರ್ 27, ಸೋಮವಾರ ಬೆಳಗ್ಗೆ 10ಕ್ಕೆ ಆರಂಭಿಸಿ ಸಂಜೆ 5ರವರೆಗೆ ಕೂರೋಣ. 28, ಮಂಗಳವಾರ ಬೆಳಗ್ಗೆ 9ರಿಂದ ಮಧ್ಯಾಹ್ನ 1ರವರೆಗೆ ಸಾಕು. ಉಳಿದುಹೋದ ಕೆಲಸವಿದ್ದರೆ 29 ಮತ್ತು 30ನೇ ತಾರೀಖನ್ನು ಬಿಡುವಾಗಿ ಇಟ್ಟಿದ್ದೇನೆ. ಸಭೆಯೆಂದರೆ ಕಾನ್ಫರೆನ್ಸ್ ಕೋಣೆಯಲ್ಲ, 2ನೇ ಗೋದಾಮಿನ ಪಕ್ಕದ ತೂಕದ ಕೋಣೆ. ಬೇಕಾದ ರಿಜಿಸ್ಟರ್‌ಗಳೆಲ್ಲ ಅಲ್ಲೇ ಇವೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ಚಾರ್ಜ್ ಲಿಸ್ಟ್‌ಗೆ ಮೊದಲ ದಿನವೇ ಯಾರೂ ಸಹಿ ಹಾಕಬಾರದು. ಹಿಂದೊಮ್ಮೆ ಇದೇ ವಿಭಾಗದ ಒಂದು ಗೋದಾಮಿನ ಚಾರ್ಜನ್ನು ರಿಜಿಸ್ಟರ್ ನೋಡಿ, ಚೀಲ ಎಣಿಸದೆ ಕೊಟ್ಟು ತೆಗೆದುಕೊಳ್ಳಲಾಯಿತು. ಆಮೇಲೆ 11 ಚೀಲ ಕಡಿಮೆ ಬಂದಾಗ ಅದು ಯಾರ ಕಾಲದ ಕೊರತೆಯೆಂದು ಹುಡುಕುವುದರಲ್ಲೇ ಎರಡು ತಿಂಗಳು ಕಳೆಯಿತು. ಆ ಲಿಸ್ಟ್‌ಗೆ ಮೇಲು ಸಹಿ ಹಾಕಿದವನು ನಾನೇ ಆದ್ದರಿಂದ ತಪ್ಪಿನಲ್ಲಿ ನನ್ನ ಪಾಲೂ ಇದೆ. ಈ ಬಾರಿ ಎಣಿಕೆ ಮೊದಲು, ಸಹಿ ಆಮೇಲೆ.

ಸೋಮವಾರ ಬೆಳಗ್ಗೆ: ಎಣಿಕೆ

ಸೆಪ್ಟೆಂಬರ್ 30ರ ಆಖೈರು ಶಿಲ್ಕಿನ ಪ್ರಕಾರ ಬೆಳೆಗಾರರ ಮಾಲು 1,846 ಚೀಲ ಇರಬೇಕು: ಅರೇಬಿಕಾ ಪಾರ್ಚ್‌ಮೆಂಟ್ 612, ಅರೇಬಿಕಾ ಚೆರ್ರಿ 388, ರೊಬಸ್ಟಾ ಚೆರ್ರಿ 846. ಇವೆಲ್ಲ 50 ಕೆ.ಜಿ. ಚೀಲಗಳು. ಸಂಸ್ಕರಣೆ ಮುಗಿದು ರಫ್ತಿಗಾಗಿ 60 ಕೆ.ಜಿ. ಚೀಲಕ್ಕೆ ತುಂಬಿಟ್ಟಿರುವ ಕಾಫಿ 74 ಚೀಲ ಬೇರೆ ಇದೆ. ಈ ಎರಡು ಲೆಕ್ಕಗಳನ್ನು ಎಂದೂ ಒಂದೇ ಮೊತ್ತವಾಗಿ ಕೂಡಬೇಡಿ; ಚೀಲದ ತೂಕ ಬೇರೆ, ಮಾಲಿಕರೂ ಬೇರೆ. ಅಕ್ಟೋಬರಿನಲ್ಲಿ ಹೊರಗೆ ಹೋಗಿರುವ ಮಾಲಿನ ಗೇಟ್ ಪಾಸ್‌ಗಳನ್ನು ನಾಗರಾಜ್ ಅವರು ತಂದಿರುತ್ತಾರೆ. ಅಷ್ಟನ್ನು ಕಳೆದು ಉಳಿದದ್ದನ್ನು ಎಣಿಸೋಣ. ನಾಲ್ವರು ಹಮಾಲರಿಗೆ ಆ ದಿನ ಬೇರೆ ಕೆಲಸ ಹಚ್ಚಿಲ್ಲ.

ಪ್ರತಿ ಅಟ್ಟಿಗೂ ಒಂದು ರಟ್ಟಿನ ಕಾರ್ಡ್ ಕಟ್ಟಿರುತ್ತದೆ. ಅದರ ಮುಂಭಾಗದಲ್ಲಿ ಬೆಳೆಗಾರರ ಹೆಸರು, ಲಾಟ್ ಸಂಖ್ಯೆ ಮತ್ತು ಬಂದ ದಿನಾಂಕ ಇರುತ್ತವೆ. ಇವು ರಿಜಿಸ್ಟರ್‌ನಲ್ಲೂ ಇವೆ. ನೀವು ನೋಡಬೇಕಾದದ್ದು ಕಾರ್ಡಿನ ಹಿಂಭಾಗವನ್ನು. ಅಲ್ಲಿ ನಾಗರಾಜ್ ಅವರು ಸೀಸದ ಕಡ್ಡಿಯಲ್ಲಿ ಚಿಕ್ಕ ಗುರುತುಗಳನ್ನು ಹಾಕಿರುತ್ತಾರೆ: ಒಂದು ಗೀಟು ಎಂದರೆ ತೇವಾಂಶ ಮತ್ತೆ ನೋಡಬೇಕು, ಎರಡು ಗೀಟು ಎಂದರೆ ಅಟ್ಟಿ ಒಡೆದು ಚೀಲಗಳನ್ನು ಬದಲಿಸಬೇಕು, ಸುತ್ತು ಹಾಕಿದ್ದರೆ ಬೆಳೆಗಾರರು ಮಾರಲು ಒಪ್ಪಿಗೆ ಕೊಟ್ಟಿಲ್ಲ. ಈ ಗುರುತುಗಳ ಅರ್ಥ ಯಾವ ಕಡತದಲ್ಲೂ ಬರೆದಿಲ್ಲ. ಒಂದೊಂದು ಅಟ್ಟಿಯ ಎದುರಿಗೂ ನಿಂತು ಅವರಿಂದಲೇ ಕೇಳಿ ನಿಮ್ಮ ನೋಟ್ ಪುಸ್ತಕದಲ್ಲಿ ಬರೆದುಕೊಳ್ಳಿ.

ಸೋಮವಾರ ಮಧ್ಯಾಹ್ನ: ತೂಕ, ತೇವಾಂಶ ಮತ್ತು ಔಟ್‌ಟರ್ನ್

ಬೆಳೆಗಾರರೊಂದಿಗೆ ಮನಸ್ತಾಪ ಬರುವುದು ಹೆಚ್ಚಾಗಿ ಈ ಮೂರರಲ್ಲಿ, ಅದಕ್ಕಾಗಿಯೇ ಇದಕ್ಕೆ ಮೂರು ಗಂಟೆ ಇಟ್ಟಿದ್ದೇನೆ. 12% ತೇವಾಂಶದಲ್ಲಿ ಬಂದ 50 ಕೆ.ಜಿ. ಪಾರ್ಚ್‌ಮೆಂಟ್ ನಮ್ಮ ಅಂಗಳದಲ್ಲಿ 10%ಕ್ಕೆ ಒಣಗಿದರೆ 48.9 ಕೆ.ಜಿ. ಆಗುತ್ತದೆ. ಚೀಲವೊಂದಕ್ಕೆ ಒಂದು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು, ನೂರು ಚೀಲಕ್ಕೆ ಎರಡು ಚೀಲಕ್ಕೂ ಮೀರಿದ ತೂಕ ನೀರಾಗಿಯೇ ಹೋಗುತ್ತದೆ. ಈ ಇಳಿಕೆಯನ್ನು ಒಳಬರುವ ದಿನವೇ ರಶೀದಿಯಲ್ಲಿ ಕಾಣಿಸದಿದ್ದರೆ, ಮಾರ್ಚ್ ತಿಂಗಳಲ್ಲಿ ಬೆಳೆಗಾರರು ಬಂದು ‘ನನ್ನ ಕಾಫಿ ಎಲ್ಲಿ ಹೋಯಿತು’ ಎಂದು ಕೇಳುವುದು ಸಹಜ, ಉತ್ತರಿಸುವುದು ಕಷ್ಟ. ಮಳೆಗಾಲದಲ್ಲಿ ಇದು ಉಲ್ಟಾ ಆಗುತ್ತದೆ: ಗೋಣಿಚೀಲದ ಮಾಲು ತೇವ ಹೀರಿ ತೂಕ ಏರುತ್ತದೆ, ಬೀಜದ ಬಣ್ಣ ಕೆಡುತ್ತದೆ. ತೂಕ ಹೆಚ್ಚು ಬಂತೆಂದು ಸಂತೋಷಪಡುವ ವಿಷಯ ಅದಲ್ಲ.

ನಮ್ಮಲ್ಲಿ ಎರಡು ಮಾಯಿಶ್ಚರ್ ಮೀಟರ್‌ಗಳಿವೆ. ಹಳೆಯದು ಬೆಳಗಿನ ಚಳಿಯಲ್ಲಿ ಒಂದು ಅಂಕಿ, ಮಧ್ಯಾಹ್ನ ಅದೇ ಬೀಜಕ್ಕೆ ಇನ್ನೊಂದು ಅಂಕಿ ತೋರಿಸುತ್ತದೆ. ಎರಡರಲ್ಲೂ ಒಂದೇ ಮಾದರಿಯನ್ನು ಹಾಕಿ ನೋಡೋಣ. ಯಾವಾಗ ಯಾವುದನ್ನು ನಂಬಬೇಕೆಂಬುದನ್ನು ನಾಗರಾಜ್ ಅವರು ಕೈಯಲ್ಲಿ ಮಾಡಿ ತೋರಿಸುತ್ತಾರೆ.

ಔಟ್‌ಟರ್ನ್ ಕಡತದಿಂದ ಕಳೆದ ಸೀಸನ್ನಿನ ಐದು ಲಾಟ್‌ಗಳನ್ನು ಆರಿಸಿಕೊಂಡು ಮೊದಲಿಂದ ಕೊನೆಯವರೆಗೆ ಓದೋಣ: ತೂಕದ ಚೀಟಿ, ಮಾದರಿ ಪರೀಕ್ಷೆ, ಹಲ್ಲರ್ ಮತ್ತು ಗ್ರೇಡರ್‌ನ ದಿನಚರಿ, ಎಎ, ಎ, ಬಿ, ಸಿ, ಪಿಬಿ ಹಾಗೂ ಬಿಬಿಬಿ ಎಂದು ಬರೆಯುವ ಕಪ್ಪು, ಕಂದು, ಚೂರು ಬೀಜದ ತೂಕ, ಕೊನೆಗೆ ಬೆಳೆಗಾರರಿಗೆ ಕೊಟ್ಟ ಹೇಳಿಕೆ. ಐದರಲ್ಲಿ ಒಂದು ಲಾಟ್ ತಕರಾರಿನದ್ದು. ಮಾದರಿಯ ಡಬ್ಬವನ್ನು ಇಟ್ಟುಕೊಂಡಿದ್ದರಿಂದ ಮಾತ್ರ ಅದು ಬಗೆಹರಿಯಿತು. ಆ ಡಬ್ಬಗಳ ಕಪಾಟಿನ ಬೀಗದ ಕೈಯನ್ನು ಅಂದೇ ಪಡೆದುಕೊಳ್ಳಿ.

ಮಂಗಳವಾರ: ತೋಟದ ವಿವರ, ಪರವಾನಗಿ, ಕಂಪ್ಯೂಟರ್

ಯುರೋಪಿಗೆ ಹೋಗುವ ಕಾಫಿಯನ್ನು ಕೊಳ್ಳುವ ರಫ್ತುದಾರರು ಈಗ ತೋಟದ ಸ್ಥಳದ ಗುರುತನ್ನು ಕೇಳುತ್ತಿದ್ದಾರೆ. ಯುರೋಪಿಯನ್ ಒಕ್ಕೂಟದ 2023ರ ಅರಣ್ಯನಾಶ ತಡೆ ನಿಯಮದ ಪ್ರಕಾರ 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿ ಅಲ್ಲಿಗೆ ಹೋಗುವಂತಿಲ್ಲ. ಜಾರಿಯ ದಿನ ಈಗಾಗಲೇ ಮುಂದೆ ಹೋಗಿದೆ. ಆದರೂ ನಾವು ಕಾಯುತ್ತ ಕೂರದೆ ವಿವರ ಸಂಗ್ರಹಿಸುತ್ತಿದ್ದೇವೆ. 4 ಹೆಕ್ಟೇರ್‌ಗಿಂತ ದೊಡ್ಡ ತಾಕಿಗೆ ಸುತ್ತಳತೆಯ ಗಡಿಯೇ ಬೇಕು. ಚಿಕ್ಕದಕ್ಕೆ ಒಂದು ಬಿಂದು ಸಾಕು, ಆದರೆ ದಶಮಾಂಶದ ಆರು ಸ್ಥಾನಗಳವರೆಗೆ ಬರೆಯಬೇಕು. ನಮ್ಮ ಪಟ್ಟಿಯಲ್ಲಿ ಹೆಚ್ಚು ಸಲ ಕಾಣುವ ತಪ್ಪೆಂದರೆ ಅಕ್ಷಾಂಶ ರೇಖಾಂಶಗಳ ಅದಲುಬದಲು. 13.316120, 75.772010 ಎಂದಿರಬೇಕಾದದ್ದನ್ನು ತಿರುಗಿಸಿ ಬರೆದರೆ ಚಿಕ್ಕಮಗಳೂರಿನ ತೋಟ ನಾರ್ವೆಯಿಂದಲೂ ಉತ್ತರಕ್ಕೆ, ಸಮುದ್ರದಲ್ಲಿ ಹೋಗಿ ಕೂರುತ್ತದೆ. ನಾವು ನಕ್ಕಿದ್ದೇವೆ, ರಫ್ತುದಾರರು ನಗುವುದಿಲ್ಲ. ವಿವರ ಸಿಕ್ಕಿರುವ ತೋಟದ ಮಾಲನ್ನು ಸಿಗದ ತೋಟದ ಮಾಲಿನೊಂದಿಗೆ ಬೆರೆಸಿದರೆ ಇಡೀ ಲಾಟೇ ಕೆಲಸಕ್ಕೆ ಬಾರದಾಗುತ್ತದೆ. ಹಾಗಾಗಿ 3ನೇ ಗೋದಾಮಿನ ಎಡಭಾಗವನ್ನು ಅದಕ್ಕೆಂದೇ ಬಿಟ್ಟಿದ್ದೇವೆ. ಈ ಪಟ್ಟಿ `GEO_BELEGARARU_2025.xlsx` ಕಡತದಲ್ಲಿದೆ. ಕೆಂಪು ಬಣ್ಣದ ಸಾಲುಗಳನ್ನು ನಾಗರಾಜ್ ಅವರು ಇದ್ದಾಗಲೇ ಒಂದೊಂದಾಗಿ ನೋಡಿ ಮುಗಿಸಿಕೊಳ್ಳಿ, ಏಕೆಂದರೆ ಆ ಬೆಳೆಗಾರರ ಮನೆಯ ದಾರಿಯೂ ಅವರಿಗೇ ಗೊತ್ತು.

ದಾಸ್ತಾನಿನ ಲೆಕ್ಕ `STOCK_2024-25.xlsx` ಮತ್ತು ಕೈಬರಹದ ರಿಜಿಸ್ಟರ್ ಎರಡರಲ್ಲೂ ಇದೆ. ವ್ಯತ್ಯಾಸ ಕಂಡರೆ ರಿಜಿಸ್ಟರ್‌ನದ್ದೇ ಸರಿ ಎಂದು ಇಲ್ಲಿಯವರೆಗೆ ನಡೆದುಬಂದಿದೆ. ನಿಮ್ಮ ಕಾಲದಲ್ಲಿ ಇದನ್ನು ಬದಲಿಸಬಹುದು, ಈ ಸೀಸನ್ ಮುಗಿಯುವವರೆಗೆ ಬೇಡ.

ಇ-ವೇ ಬಿಲ್ ಪೋರ್ಟಲ್‌ನ ಒಟಿಪಿ ಇಂದಿಗೂ ನಾಗರಾಜ್ ಅವರ ಸ್ವಂತ ಮೊಬೈಲಿಗೆ ಹೋಗುತ್ತಿದೆ. ಇದು ನಮ್ಮ ಅಲಕ್ಷ್ಯ. ಮಂಗಳವಾರ ಮೊದಲ ಕೆಲಸವಾಗಿ ಲೆಕ್ಕಪತ್ರ ವಿಭಾಗದವರು ಕಚೇರಿಯ ಸಂಖ್ಯೆಯನ್ನು ನಮೂದಿಸಬೇಕು. ಇಲ್ಲವಾದರೆ ನಿವೃತ್ತರಾದ ಮನುಷ್ಯನಿಗೆ ರಾತ್ರಿ ಲಾರಿ ನಿಲ್ಲಿಸಿಕೊಂಡು ಫೋನ್ ಮಾಡಬೇಕಾಗುತ್ತದೆ. ಪಾಸ್‌ವರ್ಡ್‌ಗಳನ್ನು ವಾಟ್ಸಾಪ್‌ನಲ್ಲಿ ಕೇಳಬೇಡಿ, ಕಳಿಸಲೂ ಬೇಡಿ, ಎದುರಿಗೇ ಬದಲಿಸೋಣ.

ಉಳಿದ ಕಾಗದಪತ್ರಗಳನ್ನು ಬೇಗ ನೋಡಿ ಮುಗಿಸಬಹುದು: ವೇ ಬ್ರಿಡ್ಜ್ ಮತ್ತು ತಕ್ಕಡಿಗಳಿಗೆ ಕಾನೂನು ಮಾಪನ ಇಲಾಖೆ ಹಾಕಿದ ಮುದ್ರೆಯ ಪ್ರಮಾಣಪತ್ರ, ದಾಸ್ತಾನಿನ ವಿಮಾ ಪಾಲಿಸಿ, ಅಗ್ನಿಶಾಮಕ ಸಿಲಿಂಡರ್‌ಗಳ ತಪಾಸಣೆ ಚೀಟಿ, ಕೀಟ ನಿಯಂತ್ರಣದ ದಿನಚರಿ, ಹಮಾಲರ ಮತ್ತು ಬೀಜ ಆರಿಸುವ ಹೆಣ್ಣುಮಕ್ಕಳ ಹಾಜರಿ ಪುಸ್ತಕ. ವಿಮೆಯಲ್ಲಿ ಮಾತ್ರ ಒಂದು ಕ್ಷಣ ನಿಲ್ಲಿ. ಪಾಲಿಸಿಯಲ್ಲಿರುವ ಮೊತ್ತ ಕಾಫಿ ಬೆಲೆ ಏರುವ ಮೊದಲು ಬರೆಸಿದ್ದು. ಜನವರಿಯಲ್ಲಿ ಗೋದಾಮು ತುಂಬಿದಾಗ ಅದು ಸಾಲುವುದಿಲ್ಲವೆಂದು ನನಗೆ ಅನ್ನಿಸುತ್ತದೆ. ನೀವು ಲೆಕ್ಕ ಹಾಕಿ ಹೇಳಿದರೆ ನಾನು ಆಡಳಿತದ ಮುಂದಿಡುತ್ತೇನೆ.

ತೂಕದ ಕೋಣೆಯ ಮೂಲೆಯಲ್ಲಿ ಒಂದು ಕಬ್ಬಿಣದ ಬೀರು ಇದೆ. ಅದರಲ್ಲಿರುವುದು 1996ಕ್ಕೆ ಮೊದಲಿನ, ಬೆಳೆಗಾರರು ಕಾಫಿಯನ್ನು ಮಂಡಳಿಯ ಪೂಲ್‌ಗೆ ಕೊಡುತ್ತಿದ್ದ ಕಾಲದ ಕಡತಗಳು. ಅವು ಚಾರ್ಜ್ ಲಿಸ್ಟ್‌ನಲ್ಲಿ ಇಲ್ಲ. ತೆರೆದರೆ ಎರಡು ದಿನವೂ ಅಲ್ಲೇ ಕಳೆದುಹೋಗುವಷ್ಟು ಸ್ವಾರಸ್ಯವಾಗಿವೆ, ಆದ್ದರಿಂದ ಈಗ ತೆರೆಯುವುದು ಬೇಡ.

ಬರುವಾಗ ನಿಮ್ಮ ನೇಮಕಾತಿ ಪತ್ರದ ಪ್ರತಿ, ಆಧಾರ್ ಮತ್ತು ಎರಡು ಫೋಟೋ ತನ್ನಿ. ಅಟ್ಟಿಯ ಮೇಲೆ ಹತ್ತಬೇಕಾಗುವುದರಿಂದ ಚಪ್ಪಲಿಯ ಬದಲು ಶೂ ಇರಲಿ. ಸಿಪ್ಪೆಯ ದೂಳಿಗೆ ಮಾಸ್ಕ್ ನಾವೇ ಕೊಡುತ್ತೇವೆ. ಹಾಸನದಿಂದ ಬೇಲೂರು ದಾರಿಯಲ್ಲಿ ಸುಮಾರು 60 ಕಿ.ಮೀ. ಆಗುತ್ತದೆ, ಅಷ್ಟರಲ್ಲಿ ಹಾಸನಾಂಬೆಯ ಬಾಗಿಲು ಹಾಕಿ ದಟ್ಟಣೆಯೂ ಇಳಿದಿರುತ್ತದೆ. ಎರಡು ದಿನದ ಮಧ್ಯಾಹ್ನದ ಊಟ ಇಲ್ಲೇ. ಸೋಮವಾರ ರಾತ್ರಿ ಉಳಿಯುವುದಾದರೆ ಅತಿಥಿಗೃಹದಲ್ಲಿ ಕೋಣೆ ಹೇಳಿಡಬೇಕು, ಆದ್ದರಿಂದ ದೀಪಾವಳಿ ರಜೆ ಕಳೆದ ಕೂಡಲೇ, 23ನೇ ತಾರೀಖು ಗುರುವಾರದೊಳಗೆ, ಈ ಪತ್ರಕ್ಕೆ ಉತ್ತರ ಬರೆಯಿರಿ. ಮೇಲಿನ ಪಟ್ಟಿಗೆ ಸೇರಿಸಬೇಕಾದದ್ದು ಏನಾದರೂ ಇದ್ದರೆ ಅದರಲ್ಲೇ ತಿಳಿಸಿದರೆ ನಾಗರಾಜ್ ಅವರು ಆ ಕಡತವನ್ನೂ ತೆಗೆದಿಟ್ಟಿರುತ್ತಾರೆ.

ಇಂತಿ,
ಘಟಕದ ವ್ಯವಸ್ಥಾಪಕ
ಚಿಕ್ಕಮಗಳೂರು