ವಂದನಾರ್ಪಣೆ: ಕೋಲಾರದ ಕೆರೆಗಳ ವಿಚಾರ ಸಂಕಿರಣ

ವೇದಿಕೆಯ ಮೇಲಿರುವ ಹಿರಿಯರಿಗೆ, ಊರೂರಿನಿಂದ ಬಂದಿರುವ ರೈತರಿಗೆ, ಅಧ್ಯಾಪಕ ಮಿತ್ರರಿಗೆ, ನನ್ನ ಪ್ರೀತಿಯ ವಿದ್ಯಾರ್ಥಿಗಳಿಗೆ ನಮಸ್ಕಾರ.

ಗಂಟೆ ನಾಲ್ಕೂ ಮುಕ್ಕಾಲು ಆಗಿದೆ. ಮುಳಬಾಗಿಲು, ಶ್ರೀನಿವಾಸಪುರದ ಬಸ್ಸು ಹಿಡಿಯಬೇಕಾದವರು ಇದ್ದೀರಿ. ಅತಿಥಿಗಳ ಹೆಸರು, ಹುದ್ದೆ ನಿಮ್ಮ ಕೈಯಲ್ಲಿರುವ ಆಹ್ವಾನ ಪತ್ರಿಕೆಯಲ್ಲಿವೆ, ಸ್ವಾಗತದಲ್ಲೂ ಕೇಳಿದ್ದೀರಿ. ಅದನ್ನೇ ಮತ್ತೆ ಓದುವುದಿಲ್ಲ. ಅವರು ಇವತ್ತು ನಮಗೆ ಏನು ಕೊಟ್ಟರು ಅನ್ನೋದನ್ನು ನೆನೆದು ಕೃತಜ್ಞತೆ ಹೇಳುತ್ತೇನೆ.

ಹತ್ತು ಗಂಟೆ ಎಂದರೆ ಹತ್ತಕ್ಕೇ ಬಂದು, ಸಸಿಗೆ ನೀರೆರೆದು ಉದ್ಘಾಟಿಸಿದ ಮಾನ್ಯರಿಗೆ ಮೊದಲ ವಂದನೆ. ಅಧ್ಯಕ್ಷತೆ ವಹಿಸಿದ ನಮ್ಮ ಪ್ರಾಂಶುಪಾಲರಿಗೆ ವಂದನೆ. ಕೆರೆ ವಿಷಯ ಅಂದ ಕೂಡಲೇ ಒಪ್ಪಿದರು, ರೈತರನ್ನೂ ಕರೆಯಿರಿ ಎಂದರು. ಅದಕ್ಕೇ ಇವತ್ತು ಈ ಸಭೆಗೆ ಇಷ್ಟು ಕಳೆ.

ಮೊದಲ ಗೋಷ್ಠಿಯ ಭೂವಿಜ್ಞಾನದ ಮೇಷ್ಟ್ರು ಬಂಡೆಯನ್ನು ಅಡ್ಡ ಸೀಳಿದಂತೆ ಒಂದು ಸ್ಲೈಡ್ ತೋರಿಸಿದರು. ನಮ್ಮ ನೆಲದಡಿ ನೀರಿನ ಕೊಳವೇನೂ ಇಲ್ಲ. ಇರುವುದು ಗಟ್ಟಿ ಬಂಡೆ, ಅದರ ಬಿರುಕುಗಳಲ್ಲಿ ನಿಂತ ನೀರು. ಪಾಲಾರ್, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ ಎಲ್ಲವೂ ನಮ್ಮ ಸೀಮೆಯಲ್ಲೇ ಹುಟ್ಟಿದರೂ ವರ್ಷವಿಡೀ ಹರಿಯುವ ಹೊಳೆ ನಮಗೊಂದೂ ಇಲ್ಲ. ಹಿಂದಿನವರು ಅಷ್ಟೊಂದು ಕೆರೆ ಏಕೆ ಕಟ್ಟಿದರು ಎಂದು ಆ ಒಂದೇ ಚಿತ್ರದಲ್ಲಿ ತಿಳಿಯಿತು. ಸಾರ್, ನಿಮಗೆ ಧನ್ಯವಾದ.

ಎರಡನೇ ಗೋಷ್ಠಿಗೆ ಸ್ಲೈಡೇ ಇರಲಿಲ್ಲ. ಮಾತಾಡಿದವರು ನೀರುಗಂಟಿ ಮನೆತನದ ಹಿರಿಯರು. ಅಷ್ಟು ಹೊತ್ತಿಗೆ ಕರೆಂಟೂ ಹೋಯಿತು, ಮೈಕೂ ನಿಂತಿತು. ಅವರು ನಿಲ್ಲಿಸಲಿಲ್ಲ. ಕಿಟಕಿ ಪಕ್ಕ ಬಂದು ನಿಂತು, ತೂಬು ಎತ್ತುವುದು ಯಾವಾಗ, ಕೊನೆಯ ಗದ್ದೆಗೆ ನೀರು ಮುಟ್ಟಿಸುವುದು ಹೇಗೆ, ಸುಗ್ಗಿಯಲ್ಲಿ ಕಣದಿಂದಲೇ ತಮ್ಮ ಪಾಲಿನ ಕಾಳು ಬರುತ್ತಿದ್ದದ್ದು ಹೇಗೆ, ಎಲ್ಲ ಹೇಳಿದರು. ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಜೀವ. ನಡುವಿನ ರಾಜಕಾಲುವೆ ಮುಚ್ಚಿದರೆ ಕೆಳಗಿನ ಊರು ಒಣಗಿತು ಎಂದೇ ಲೆಕ್ಕ. ಹಿಂದಿನ ಸಾಲಿನ ಹುಡುಗರೂ ಎದ್ದು ಮುಂದೆ ಬಂದು ಕುಳಿತು ಕೇಳಿದರು. ಈ ಸಭಾಂಗಣದಲ್ಲಿ ನಾನು ತುಂಬಾ ಭಾಷಣ ಕೇಳಿದ್ದೇನೆ, ಇಷ್ಟು ಮೌನವಾಗಿ ಜನ ಕೇಳಿದ್ದನ್ನು ನೋಡಿರಲಿಲ್ಲ. ತಾತ, ಈ ವಯಸ್ಸಿನಲ್ಲಿ ಬಸ್ಸು ಹತ್ತಿ ಬಂದಿರಿ. ಕೈಮುಗಿದು ವಂದಿಸುತ್ತೇನೆ.

ಮಧ್ಯಾಹ್ನ ಕೆ.ಸಿ. ವ್ಯಾಲಿ ನೀರಿನ ಬಗ್ಗೆ ಮಾತಾಡಿದ ಎಂಜಿನಿಯರ್ ಅವರಿಗೂ, ಪ್ರಶ್ನೆ ಎತ್ತಿದ ರೈತ ಮುಖಂಡರಿಗೂ ಒಟ್ಟಿಗೇ ವಂದನೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ಅದು ಅಂತರ್ಜಲ ತುಂಬಲಿಕ್ಕೆ, ನೇರವಾಗಿ ಕುಡಿಯಲಿಕ್ಕಲ್ಲ ಎಂದು ಅವರು ಬಿಡಿಸಿ ಹೇಳಿದರು. ಇನ್ನೂ ಒಂದು ಹಂತ ಶುದ್ಧ ಮಾಡಿ ಕೊಡಿ ಎಂದು ಇವರು ಕೇಳಿದರು. ದನಿ ಏರಿತು, ಮರ್ಯಾದೆ ತಪ್ಪಲಿಲ್ಲ. ಊರಿನ ನೀರಿನ ಮಾತು ಹೀಗೇ ಎದುರೆದುರು ಕೂತು ಆಗಬೇಕು, ಅಲ್ವಾ?

ಕೊನೆಯ ಗೋಷ್ಠಿಯ ವೈದ್ಯೆಗೆ ನಾವು ವಿಶೇಷವಾಗಿ ಋಣಿ. ಲೀಟರಿಗೆ 1.5 ಮಿಲಿಗ್ರಾಂ, ಫ್ಲೋರೈಡ್ ಅದಕ್ಕಿಂತ ಜಾಸ್ತಿ ಇರಬಾರದು ಎಂಬ ಅವರ ಸ್ಲೈಡನ್ನು ಎಲ್ಲರೂ ಫೋಟೊ ತೆಗೆದುಕೊಂಡಿರಿ. ಕುದಿಸಿದರೂ ಫ್ಲೋರೈಡ್ ಹೋಗಲ್ಲ ಎಂಬ ಮಾತನ್ನು ದಯವಿಟ್ಟು ಮನೆಯಲ್ಲಿ ಅಮ್ಮಂದಿರಿಗೆ ಹೇಳಿ. ವಿದ್ಯಾರ್ಥಿಗಳು ತಮ್ಮೂರಿನ ಬೋರ್‌ವೆಲ್ ನೀರನ್ನು ಬಾಟಲಿಯಲ್ಲಿ ತಂದಿದ್ದರು. ಈ ವೈದ್ಯೆ ಊಟವನ್ನೂ ಬಿಟ್ಟು ಒಂದೊಂದನ್ನೇ ಪರೀಕ್ಷಿಸಿದರು. ಫ್ಲೋರೈಡ್ ಜಾಸ್ತಿ ಇದೆ ಎಂದು ತೋರಿಸುತ್ತಾ ಗುಲಾಬಿ ಬಣ್ಣ ಮಾಸಿ ಹಳದಿಗೆ ತಿರುಗಿದಾಗ ಆ ಮಕ್ಕಳ ಮುಖ ನೋಡಿದೆ. ಮೇಡಂ, ನೀವು ಅವರ ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದ್ದನ್ನು ಮರೆಯಲಾರೆ.

ಮುದ್ದೆ, ಹಿತಕಿದ ಅವರೆಬೇಳೆ ಸಾರು ಬಡಿಸಿದ ಅಡುಗೆಯವರಿಗೆ, ಬೆಳಿಗ್ಗೆ ಐದಕ್ಕೇ ಬಂದು ಅವರೆಕಾಳು ಹಿತಕಿದ ಹೆಣ್ಣುಮಕ್ಕಳಿಗೆ ಧನ್ಯವಾದ. ಕುರ್ಚಿ ಹೊತ್ತ ಎನ್ನೆಸ್ಸೆಸ್ ಹುಡುಗರಿಗೆ, ಜನರೇಟರ್ ತಂದ ಮೈಕ್‌ಸೆಟ್‌ನವರಿಗೆ, ಪತ್ರಕರ್ತ ಮಿತ್ರರಿಗೆ, ಸಂಜೆಗೆ ಸಭಾಂಗಣ ಗುಡಿಸಲಿರುವ ನಮ್ಮ ಅಕ್ಕಂದಿರಿಗೆ ವಂದನೆ.

ಪ್ರಮಾಣಪತ್ರ ಬಾಗಿಲ ಬಳಿಯ ಮೇಜಿನಲ್ಲಿವೆ. ನೀರಿನ ಬಾಟಲಿಗಳ ಫಲಿತಾಂಶದ ಚೀಟಿಯೂ ಅಲ್ಲೇ ಇದೆ, ನಿಮ್ಮೂರಿನದನ್ನು ಬಿಡದೆ ತೆಗೆದುಕೊಂಡು ಹೋಗಿ. ಈಗ ರಾಷ್ಟ್ರಗೀತೆಗೆ ಎಲ್ಲರೂ ಎದ್ದು ನಿಲ್ಲಬೇಕೆಂದು ಕೋರುತ್ತೇನೆ. ನಮಸ್ಕಾರ.